ನಿಮ್ಮ ಕ್ಲಿನಿಕ್ಕಿನ ಕೇಸ್ ಶೀಟು ಯಾವ ದೇಶದಲ್ಲಿದೆ?

ತಾಲ್ಲೂಕು ಕೇಂದ್ರದ ಒಂದು ಕ್ಲಿನಿಕ್ಕನ್ನು ಕಣ್ಣಮುಂದೆ ಇಟ್ಟುಕೊಂಡು ಮಾತು ಶುರು ಮಾಡೋಣ. ಇಬ್ಬರು ವೈದ್ಯರು, ಒಬ್ಬರು ನರ್ಸ್, ಮುಂದಿನ ಮೇಜಿಗೆ ಒಬ್ಬರು, ದಿನಕ್ಕೆ ಸುಮಾರು 40 ರೋಗಿಗಳು. ಮೂರು ವರ್ಷದ ಹಿಂದೆ ಓಪಿಡಿ ಪುಸ್ತಕ ಬಿಟ್ಟು, ತಿಂಗಳಿಗೆ 1,500 ರೂಪಾಯಿ ಕಟ್ಟಿ, ಬ್ರೌಸರಿನಲ್ಲಿ ನಡೆಯುವ ಕ್ಲಿನಿಕ್ ಸಾಫ್ಟ್‌ವೇರ್ ಹಾಕಿಸಿಕೊಂಡರು. ಮಾರಿದವರ ಫೋನ್ ನಂಬರು ಬೆಂಗಳೂರಿನದು, ಮಾತಾಡಿದ್ದು ಕನ್ನಡದಲ್ಲಿ. ಆದರೆ ಕರಾರು ಇರುವುದು ಅಮೆರಿಕದ ಡೆಲವೇರ್‌ನಲ್ಲಿ ನೋಂದಾಯಿಸಿದ ಕಂಪನಿಯ ಜೊತೆ. ರೋಗಿಗಳ ಕಡತಗಳಿರುವ ಡಿಸ್ಕು ಸಿಂಗಪುರದಲ್ಲಿದೆ. ಇದು ಉದಾಹರಣೆಗೆ ಕಟ್ಟಿಕೊಂಡ ಕ್ಲಿನಿಕ್, ಆದರೆ ಇಂಥ ಜೋಡಣೆ ಅಪರೂಪದ್ದಲ್ಲ.

ಓಪಿಡಿ ಪುಸ್ತಕದ ಕಾಲದಲ್ಲಿ ದಾಖಲೆ ಬೀರುವಿನಲ್ಲಿರುತ್ತಿತ್ತು, ಬೀಗದ ಕೈ ಸಿಸ್ಟರ್ ಹತ್ತಿರ. ಕೋರ್ಟು ಕೇಳಿದರೂ ಪೊಲೀಸರು ಕೇಳಿದರೂ ಎಲ್ಲವೂ ಅದೇ ಊರಿನೊಳಗೆ ಮುಗಿಯುತ್ತಿತ್ತು. ಈಗ ದಾಖಲೆ ಒಂದು ದೇಶದಲ್ಲಿ, ಬೀಗದ ಕೈ ಇಟ್ಟುಕೊಂಡವರು ಇನ್ನೊಂದು ದೇಶದಲ್ಲಿ, ಜವಾಬ್ದಾರಿ ಮಾತ್ರ ಹಳೆಯ ಜಾಗದಲ್ಲೇ. ಎಲ್ಲ ಸರಿಯಾಗಿ ನಡೆಯುವ ದಿನ ಇದರಿಂದ ಏನೂ ತೊಂದರೆಯಿಲ್ಲ. ಏನಾದರೂ ಕೆಟ್ಟ ದಿನ, ಡಿಸ್ಕಿನ ಒಡೆಯ ಯಾರ ಆದೇಶಕ್ಕೆ ತಲೆಬಾಗಬೇಕು, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಎರಡೇ ಪ್ರಶ್ನೆ ಉಳಿಯುತ್ತವೆ. ದೇಶ ಮುಖ್ಯವಾಗುವುದು ಆಗ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. "ರೋಗಿಗಳ ಡೇಟಾ ಭಾರತದಲ್ಲೇ ಇರಬೇಕು ಅಂತ ಕಾನೂನಿದೆ, ಅದಕ್ಕೇ ನಮ್ಮ ಪ್ಯಾಕೇಜ್ ತೆಗೆದುಕೊಳ್ಳಿ" ಎಂದು ಮಾರುವವರಿದ್ದಾರೆ. ಎಲ್ಲ ಕ್ಲಿನಿಕ್ಕುಗಳಿಗೂ ಅನ್ವಯಿಸುವ ಅಂಥ ಕಾನೂನು ಇಲ್ಲ. ಹಣ ಪಾವತಿಯ ಡೇಟಾ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಅಂಥ ಆದೇಶ ಹೊರಡಿಸಿದ್ದು ನಿಜ. ವೈದ್ಯಕೀಯ ದಾಖಲೆಯ ದಾರಿ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಹೆಸರಿಸಿವೆ. ಅದನ್ನು ಹೊರದೇಶಕ್ಕೆ ಕಳಿಸಬಹುದು. ಆದರೆ ಅಲ್ಲಿಯೂ ಇಲ್ಲಿನಷ್ಟೇ ರಕ್ಷಣೆ ಸಿಗಬೇಕು, ಜೊತೆಗೆ ರೋಗಿಯ ಒಪ್ಪಿಗೆಯೋ ಕರಾರಿನ ಅಗತ್ಯವೋ ಇರಬೇಕು. ಒಬ್ಬರೇ ನಡೆಸುವ ಕ್ಲಿನಿಕ್ಕಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ವೃತ್ತಿ ನಡೆಸುವ ಏಕವ್ಯಕ್ತಿ ಸಂಸ್ಥೆಯನ್ನೂ ಆ ಕಾಯ್ದೆ ತನ್ನ ವ್ಯಾಖ್ಯೆಯೊಳಗೆ ತಂದಿದೆ.

ಇದರ ಜಾಗಕ್ಕೆ ಬರುತ್ತಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಯಾಗಬೇಕು. ಇದರ ಎರಡು ಸೆಕ್ಷನ್‌ಗಳನ್ನು ಕ್ಲಿನಿಕ್ಕಿನವರು ನೆನಪಿಟ್ಟುಕೊಂಡರೆ ಸಾಕು. 8ನೇ ಸೆಕ್ಷನ್ ಪ್ರಕಾರ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿ ಏನೇ ಎಡವಟ್ಟಾದರೂ ಉತ್ತರ ಹೇಳಬೇಕಾದವರು ಕ್ಲಿನಿಕ್ಕಿನವರು, ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ ಸರಿ. 16ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಯಾವುದಾದರೂ ದೇಶವನ್ನು ಹೆಸರಿಸಿ, ಅಲ್ಲಿಗೆ ಡೇಟಾ ಕಳಿಸುವುದನ್ನು ಅಧಿಸೂಚನೆಯ ಮೂಲಕ ನಿರ್ಬಂಧಿಸಬಹುದು. ಹೆಸರು ಬರುವ ತನಕ ಎಲ್ಲ ದೇಶಕ್ಕೂ ಅನುಮತಿ, ಹೆಸರು ಬಂದ ಮೇಲೆ ಇಲ್ಲ. ನಮ್ಮ ಉದಾಹರಣೆಯ ಕ್ಲಿನಿಕ್ಕಿಗೆ ಇದರ ಅರ್ಥ ಇಷ್ಟು: ತನ್ನ ಡಿಸ್ಕು ಯಾವ ದೇಶದಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ, ಅಂಥ ಅಧಿಸೂಚನೆ ಬಂದ ದಿನ ಅದು ತನಗೆ ಸಂಬಂಧಿಸಿದ್ದೋ ಅಲ್ಲವೋ ಎಂಬುದೂ ಗೊತ್ತಾಗುವುದಿಲ್ಲ.

ಈಗ ಆ ಕೆಟ್ಟ ದಿನಕ್ಕೆ ಬರೋಣ.

ಕಂಪನಿ ತಿಂಗಳ ಬಾಡಿಗೆಯನ್ನು 1,500ರಿಂದ 4,000ಕ್ಕೆ ಏರಿಸುತ್ತದೆ. ಕ್ಲಿನಿಕ್ ಒಪ್ಪುವುದಿಲ್ಲ. ಎರಡು ತಿಂಗಳಾದ ಮೇಲೆ ಲಾಗಿನ್ ಮುಚ್ಚುತ್ತದೆ. ಅದೇ ವಾರ ರೋಗಿಯೊಬ್ಬರ ಕಡೆಯವರು ಗ್ರಾಹಕ ಆಯೋಗಕ್ಕೆ ಹೋಗಲು ಹಳೆಯ ದಾಖಲೆ ಕೇಳಿ ಅರ್ಜಿ ಕೊಡುತ್ತಾರೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. "ಸಾಫ್ಟ್‌ವೇರ್‌ನವರು ಲಾಕ್ ಮಾಡಿದ್ದಾರೆ" ಎಂಬುದಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಆಯೋಗದ ಮುಂದೆಯೂ ದಾಖಲೆ ಹಾಜರುಪಡಿಸದ ವೈದ್ಯರ ಮಾತಿಗೆ ತೂಕ ಕಡಿಮೆಯಾಗುತ್ತದೆ.

ಡಿಸ್ಕು ಮುಂಬೈಯಲ್ಲಿದ್ದು ಕಂಪನಿಯೂ ಇಲ್ಲಿನದೇ ಆಗಿದ್ದರೆ, ಕ್ಲಿನಿಕ್ಕಿನ ವಕೀಲರು ಇಲ್ಲಿನ ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ಆದೇಶ ಕೇಳಬಹುದು. ಆದೇಶ ಮೀರಿದರೆ ಆಸ್ತಿ ಜಪ್ತಿ, ಸಿವಿಲ್ ಜೈಲು ಎರಡಕ್ಕೂ ಅವಕಾಶವಿದೆ. ಬಹುಪಾಲು ಜಗಳ ಅಷ್ಟು ದೂರ ಹೋಗುವುದೇ ಇಲ್ಲ, ವಕೀಲರ ನೋಟಿಸಿಗೇ ಬೀಗ ತೆರೆಯುತ್ತದೆ. ಕೋರ್ಟಿನ ಆದೇಶಕ್ಕೆ ಹಲ್ಲು ಇರುವುದು ಆ ವ್ಯಕ್ತಿಯೋ ಆಸ್ತಿಯೋ ಆ ಕೋರ್ಟಿನ ಕೈಗೆ ಸಿಗುವಲ್ಲಿ ಮಾತ್ರ. ಕರಾರು ಡೆಲವೇರ್ ಕಂಪನಿಯ ಜೊತೆಗಿದ್ದು, ಡಿಸ್ಕು ಸಿಂಗಪುರದಲ್ಲಿದ್ದು, ಇಲ್ಲಿ ಅವರದೆಂದು ಒಂದು ಫೋನ್ ನಂಬರು ಮಾತ್ರ ಇದ್ದರೆ, ಹಿಡಿಯಲು ಏನಿದೆ? ಪರಸ್ಪರ ಡಿಕ್ರಿ ಜಾರಿ ಮಾಡಿಕೊಳ್ಳುವ ದೇಶಗಳ ಪಟ್ಟಿಯಲ್ಲಿ ಸಿಂಗಪುರ ಇದೆ, ಅಮೆರಿಕ ಇಲ್ಲ. ಅಮೆರಿಕದ ಕಂಪನಿಯ ಮೇಲೆ ಇಲ್ಲಿ ಗೆದ್ದರೂ ಅಲ್ಲಿ ಮತ್ತೆ ಹೊಸದಾಗಿ ದಾವೆ ಹೂಡಬೇಕು. ವರ್ಷಕ್ಕೆ 18,000 ರೂಪಾಯಿಯ ಸೇವೆಗಾಗಿ ಯಾರೂ ಹಾಗೆ ಮಾಡುವುದಿಲ್ಲ. ಹಾಗಾಗಿ ಕ್ಲಿನಿಕ್ ಸುಮ್ಮನೆ 4,000 ಕಟ್ಟುತ್ತದೆ, ಅಥವಾ ಮೂರು ವರ್ಷದ ಕೇಸ್ ಶೀಟು ಕಳೆದುಕೊಳ್ಳುತ್ತದೆ.

ಇನ್ನೊಂದು ಬಗೆಯ ಕೆಟ್ಟ ದಿನವೂ ಇದೆ. ಸೋಮವಾರ ಬೆಳಿಗ್ಗೆ 9ಕ್ಕೆ ಲಾಗಿನ್ ಮಾಡಿದರೆ, ರಾತ್ರಿ ಯಾರೋ ರೋಗಿಗಳ ಪಟ್ಟಿಯನ್ನು ಇಡಿಯಾಗಿ ಇಳಿಸಿಕೊಂಡ ಗುರುತು ಕಾಣುತ್ತದೆ. ಭಾರತದ ಕಂಪ್ಯೂಟರ್ ತುರ್ತು ಪ್ರತಿಸ್ಪಂದನ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಗೆ ಬಂದರೆಂಬ ದಾಖಲೆಯನ್ನು, 180 ದಿನ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು. ಲಾಗ್ ಇರುವುದು ಕಂಪನಿಯ ಕೈಯಲ್ಲಿ. ಅದನ್ನು ತೆಗೆದುಕೊಡುವ ಎಂಜಿನಿಯರುಗಳು ಅಮೆರಿಕದ ಪೂರ್ವ ತೀರದಲ್ಲಿದ್ದರೆ, ಚಳಿಗಾಲದಲ್ಲಿ ನಮ್ಮ ಸೋಮವಾರ ಬೆಳಿಗ್ಗೆ 9 ಅಂದರೆ ಅವರಿಗೆ ಭಾನುವಾರ ರಾತ್ರಿ ಹತ್ತೂವರೆ. ನಮ್ಮ 6 ಗಂಟೆ ಮಧ್ಯಾಹ್ನ 3ಕ್ಕೆ ಮುಗಿಯುವಾಗ ಅವರಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅಷ್ಟೂ ಹೊತ್ತು ಅವರ ನಿದ್ದೆಯಲ್ಲೇ ಕಳೆದಿರುತ್ತದೆ. ಸಿಕ್ಕಷ್ಟು ವಿವರ ಬರೆದು ಮೊದಲ ವರದಿಯನ್ನು ಕಳಿಸಿಬಿಡಿ, ಲಾಗ್‌ಗಾಗಿ ಕಾಯಬೇಡಿ.

ಪೊಲೀಸರಿಗೆ ದೂರು ಕೊಟ್ಟ ಮೇಲೂ ಇದೇ ಸಮಸ್ಯೆ ದೊಡ್ಡದಾಗುತ್ತದೆ. ಇಲ್ಲಿನ ಡೇಟಾ ಸೆಂಟರಿಗೆ ತನಿಖಾಧಿಕಾರಿ ನೋಟಿಸ್ ಕೊಟ್ಟು ದಾಖಲೆ ತರಿಸಿಕೊಳ್ಳಬಹುದು. ಹೊರದೇಶದ ಕಂಪನಿ ತಾನಾಗಿ ಕೊಡಲು ಒಪ್ಪದಿದ್ದರೆ ಪರಸ್ಪರ ಕಾನೂನು ನೆರವಿನ ಒಪ್ಪಂದದ ಮೂಲಕ, ಸರ್ಕಾರದಿಂದ ಸರ್ಕಾರಕ್ಕೆ, ಪತ್ರ ಹೋಗಬೇಕು. ಅಮೆರಿಕದ ಜೊತೆ ಅಂಥ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಆ ದಾರಿಯಲ್ಲಿ ಉತ್ತರ ಬರುವ ಹೊತ್ತಿಗೆ ಲಾಗ್ ಅಳಿಸಿಹೋಗಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಹೊರದೇಶದ ಸೇವೆಯಲ್ಲಿರುವವರು ಘಟನೆಯ ದಿನವೇ "ಲಾಗ್ ಅಳಿಸಬೇಡಿ, ಹಾಗೇ ಕಾದಿಡಿ" ಎಂದು ಕಂಪನಿಗೆ ಇಮೇಲ್ ಹಾಕಬೇಕು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಡಿಸ್ಕು ಭಾರತದಲ್ಲಿದೆ ಎಂದ ಮಾತ್ರಕ್ಕೆ ಹೊರಗಿನವರ ಆದೇಶ ಅದಕ್ಕೆ ತಟ್ಟುವುದಿಲ್ಲ ಎಂದಲ್ಲ. ಅಮೆರಿಕದ ಒಂದು ತನಿಖೆಗಾಗಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಇಮೇಲ್ ಕೊಡುವಂತೆ 2013ರಲ್ಲಿ ಮೈಕ್ರೋಸಾಫ್ಟಿಗೆ ವಾರಂಟ್ ಬಂದಿತ್ತು. ಕಂಪನಿ ಒಪ್ಪಲಿಲ್ಲ, ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ, ಅಮೆರಿಕ ಕ್ಲೌಡ್ ಕಾಯ್ದೆ ಎಂಬುದನ್ನು ತಂದಿತು. ಅದರ ಪ್ರಕಾರ ಡೇಟಾ ಯಾವ ದೇಶದಲ್ಲೇ ಇರಲಿ, ತನ್ನ ಕಾನೂನಿನಡಿ ಬರುವ ಕಂಪನಿ ಅದನ್ನು ಕೊಡಬೇಕು. ಅಂದರೆ ಮುಂಬೈಯ ಅಮೆರಿಕನ್ ಕ್ಲೌಡಿನ ಡಿಸ್ಕಿಗೆ ಇಬ್ಬರು ಯಜಮಾನರು. ಆದರೂ ತಾಲ್ಲೂಕಿನ ಕ್ಲಿನಿಕ್ ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ನಿಮ್ಮ ರೋಗಿಯ ಸಕ್ಕರೆ ಪ್ರಮಾಣವನ್ನು ಅಮೆರಿಕದ ಕೋರ್ಟು ಕೇಳುವ ಸಂದರ್ಭ ತೀರಾ ವಿರಳ. ನಿಮಗೇ ನಿಮ್ಮ ದಾಖಲೆ ಸಿಗದೆ ಹೋಗುವ ಸಂದರ್ಭ ವಿರಳವಲ್ಲ.

ದೇಶ ಸರಿಯಾದರೆ ಭದ್ರತೆಯೂ ಸರಿಯಾಯಿತು ಎಂದೂ ತಿಳಿಯಬಾರದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿದು, ಸುಮಾರು ಎರಡು ವಾರ ಹೊರರೋಗಿ ವಿಭಾಗದ ಕೆಲಸ ಕಾಗದದ ಮೇಲೆ ನಡೆಯಿತು. ಆ ಸರ್ವರುಗಳು ಇದ್ದದ್ದು ಭಾರತದಲ್ಲೇ.

ಹಾಗಾದರೆ ಡಿಸ್ಕು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಕಂಪನಿಯನ್ನು ಕೇಳುವ ಮೊದಲು ನೀವೇ ಹತ್ತು ನಿಮಿಷದಲ್ಲಿ ಒಂದು ಪರೀಕ್ಷೆ ಮಾಡಬಹುದು. ಸಾಫ್ಟ್‌ವೇರ್‌ನಲ್ಲಿ ಹಿಂದೆ ಏರಿಸಿಟ್ಟ ಒಂದು ಲ್ಯಾಬ್ ರಿಪೋರ್ಟಿನ ಪಿಡಿಎಫ್ ಅನ್ನು ಹೊಸ ಟ್ಯಾಬಿನಲ್ಲಿ ತೆರೆಯಿರಿ. ವಿಳಾಸ ಪಟ್ಟಿಯಲ್ಲಿ ಹೀಗೊಂದು ಸಾಲು ಕಾಣಬಹುದು:

```
https://clinic-files.s3.ap-southeast-1.amazonaws.com/r/4471.pdf
?X-Amz-Credential=.../20260112/ap-southeast-1/s3/aws4_request
```

ಇದರಲ್ಲಿ `ap-southeast-1` ಎಂದಿರುವುದೇ ಜಾಗದ ಹೆಸರು. ಅಮೆಜಾನ್ ಕ್ಲೌಡಿನಲ್ಲಿ ಅದು ಸಿಂಗಪುರ. ಮುಂಬೈ ಆದರೆ `ap-south-1`, ಹೈದರಾಬಾದ್ ಆದರೆ `ap-south-2`, ಅಮೆರಿಕದ ವರ್ಜೀನಿಯ ಆದರೆ `us-east-1`. ಮುಂಬೈ ಮತ್ತು ಸಿಂಗಪುರದ ಹೆಸರುಗಳು ನೋಡಲು ಒಂದೇ ಥರ ಇವೆ, ಅವಸರದಲ್ಲಿ ಓದಿದರೆ `south` ಮತ್ತು `southeast` ನಡುವಿನ ವ್ಯತ್ಯಾಸ ತಪ್ಪಿಹೋಗುತ್ತದೆ. ವಿಳಾಸದ ಮೊದಲ ಭಾಗದಲ್ಲಿ ಜಾಗದ ಹೆಸರು ಇಲ್ಲದಿದ್ದರೂ `X-Amz-Credential` ಎಂಬ ತುಂಡು ಇದ್ದರೆ, ಅದರೊಳಗೆ ತಾರೀಖಿನ ಪಕ್ಕದಲ್ಲಿ ಹುಡುಕಿ. ಗೂಗಲ್‌ನ `storage.googleapis.com`, ಮೈಕ್ರೋಸಾಫ್ಟಿನ `blob.core.windows.net` ವಿಳಾಸಗಳು ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಎರಡನೆಯ ಪರೀಕ್ಷೆ ಬೆಳಕಿನ ವೇಗದ ಮೇಲೆ ನಿಂತಿದೆ. ಗಾಜಿನ ನಾರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಒಂದು ಮಿಲಿಸೆಕೆಂಡಿಗೆ 100 ಕಿಲೋಮೀಟರ್ ದೂರ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದೂರವೇ ಸುಮಾರು 3,200 ಕಿಲೋಮೀಟರ್, ಹಾಗಾಗಿ ಅಲ್ಲಿಂದ 32 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರಲು ಸಾಧ್ಯವೇ ಇಲ್ಲ. ಬ್ರೌಸರಿನಲ್ಲಿ F12 ಒತ್ತಿ, `Network` ಟ್ಯಾಬ್ ತೆರೆದು, ಪರೀಕ್ಷೆಗೆಂದು ಮಾಡಿಕೊಂಡ ಸುಳ್ಳು ರೋಗಿಯ ಚೀಟಿಯನ್ನು ಹತ್ತು ಸಲ ಸೇವ್ ಮಾಡಿ. ಪ್ರತಿ ಸಲವೂ ಆ ಸೇವ್ ಮನವಿಯ ಸಾಲಿನ ಮೇಲೆ ಒತ್ತಿ, `Timing` ಎಂಬಲ್ಲಿ `Waiting for server response` ಎದುರಿನ ಅಂಕಿ ಬರೆದುಕೊಳ್ಳಿ. ಹತ್ತರಲ್ಲಿ ಅತಿ ಚಿಕ್ಕದನ್ನು ತೆಗೆದುಕೊಳ್ಳಿ. ಅದು 22 ಬಂದರೆ ಉತ್ತರ ಕೊಟ್ಟ ಸರ್ವರ್ ಸಿಂಗಪುರದಲ್ಲಿಲ್ಲ ಎಂಬುದು ಖಚಿತ. 90 ಬಂದರೆ ಏನನ್ನೂ ಖಚಿತವಾಗಿ ಹೇಳಲಾಗದು, ಮುಂಬೈಯ ನಿಧಾನದ ಸರ್ವರೂ ಅಷ್ಟು ಹೊತ್ತು ತೆಗೆದುಕೊಳ್ಳಬಹುದು. ಈ ಪರೀಕ್ಷೆ "ಅಷ್ಟು ದೂರದಲ್ಲಿಲ್ಲ" ಎಂದು ಮಾತ್ರ ಹೇಳುತ್ತದೆ, "ದೂರದಲ್ಲಿದೆ" ಎಂದು ಹೇಳುವುದಿಲ್ಲ.

ಸೇವ್ ಮಾಡಿಯೇ ನೋಡಬೇಕು, ಪುಟ ತೆರೆದು ನೋಡಿದರೆ ಸಾಲದು. ಅನೇಕ ಸೇವೆಗಳು ಲೋಗೋ, ಚಿತ್ರ, ಪುಟದ ವಿನ್ಯಾಸ ಇವುಗಳ ಪ್ರತಿಯನ್ನು ಬೆಂಗಳೂರು, ಚೆನ್ನೈನಂಥ ಊರುಗಳಲ್ಲಿ ಇಟ್ಟುಕೊಂಡು ಅಲ್ಲಿಂದ ಉತ್ತರ ಕೊಡುತ್ತವೆ. `ping` ಕೊಟ್ಟಾಗಲೂ ಉತ್ತರ ಬರುವುದು ಆ ಬಾಗಿಲಿನಿಂದ. ಹೊಸದಾಗಿ ಬರೆದ ಚೀಟಿ ಮಾತ್ರ ಬಾಗಿಲು ದಾಟಿ ಒಳಮನೆಗೆ, ಅಂದರೆ ನಿಜವಾದ ಡೇಟಾಬೇಸಿಗೆ, ಹೋಗಿ ಬರಬೇಕು.

ಇವೆರಡೂ ತೋರಿಸದ ಒಂದು ವಿಷಯವಿದೆ: ಬ್ಯಾಕಪ್. ಮುಖ್ಯ ಡಿಸ್ಕು ಮುಂಬೈಯಲ್ಲಿದ್ದು ಬ್ಯಾಕಪ್ ಹೊರದೇಶದಲ್ಲಿರಬಹುದು, ಅದನ್ನು ಕಂಪನಿಯನ್ನು ಕೇಳಿಯೇ ತಿಳಿಯಬೇಕು. ಬ್ಯಾಕಪ್ ಬೇರೆ ಊರಿನಲ್ಲಿರುವುದು ಒಳ್ಳೆಯದೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಆದರೆ ಬೇರೆ ಊರು ಬೇಕೆಂದರೆ ಬೇರೆ ದೇಶವೇ ಬೇಕೆಂದಿಲ್ಲ. ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದ್, ಗೂಗಲ್‌ಗೆ ಮುಂಬೈ ಮತ್ತು ದೆಹಲಿ, ಮೈಕ್ರೋಸಾಫ್ಟಿಗೆ ಪುಣೆ ಮತ್ತು ಚೆನ್ನೈ, ಹೀಗೆ ಮೂರಕ್ಕೂ ದೇಶದೊಳಗೇ ಕನಿಷ್ಠ ಎರಡು ಜಾಗಗಳಿವೆ. "ಭಾರತದಲ್ಲಿ ಎರಡನೇ ಜಾಗ ಇಲ್ಲ, ಅದಕ್ಕೇ ಸಿಂಗಪುರ" ಎಂಬ ಉತ್ತರವನ್ನು ಈಗ ಒಪ್ಪಬೇಕಾಗಿಲ್ಲ.

ಕಂಪನಿಗೆ ಇಮೇಲ್‌ನಲ್ಲಿ, ಫೋನಿನಲ್ಲಲ್ಲ, ಕೇಳಬೇಕಾದದ್ದು ಇಷ್ಟು: ಮುಖ್ಯ ಡೇಟಾಬೇಸ್ ಯಾವ ಊರಿನಲ್ಲಿದೆ, ಏರಿಸಿದ ಕಡತಗಳು ಎಲ್ಲಿವೆ, ಬ್ಯಾಕಪ್ ಎಲ್ಲಿದೆ ಮತ್ತು ಎಷ್ಟು ದಿನ ಇರುತ್ತದೆ, ಲಾಗ್ ಎಲ್ಲಿದೆ, ಯಾವ ದೇಶದಲ್ಲಿ ಕುಳಿತ ಸಿಬ್ಬಂದಿ ನಮ್ಮ ರೋಗಿಗಳ ಹೆಸರನ್ನು ತೆರೆದು ನೋಡಬಹುದು, ಜಗಳವಾದರೆ ಯಾವ ಊರಿನ ಕೋರ್ಟು. "ನಮ್ಮದು ಸುರಕ್ಷಿತ ಕ್ಲೌಡ್" ಎಂಬ ಉತ್ತರ ಬಂದರೆ ಅದು ಉತ್ತರವಲ್ಲ, ಊರಿನ ಹೆಸರು ಬರುವ ತನಕ ಕೇಳಿ. ಬಂದ ಉತ್ತರವನ್ನು ಕರಾರಿಗೆ ಸೇರಿಸಿಸಿ, "ಮುಂಚೆ ಲಿಖಿತವಾಗಿ ತಿಳಿಸದೆ ಜಾಗ ಬದಲಿಸುವಂತಿಲ್ಲ" ಎಂಬ ಒಂದು ಸಾಲಿನ ಜೊತೆ.

ಇದೆಲ್ಲ ಕೇಳುವಾಗ ತಮ್ಮದೇ ಮೇಜಿನ ಮೇಲಿರುವ ಮೊಬೈಲನ್ನು ಬಹಳ ಜನ ಮರೆಯುತ್ತಾರೆ. ರೋಗಿಗಳು ವಾಟ್ಸಾಪಿನಲ್ಲಿ ಕಳಿಸಿದ ಎಕ್ಸ್‌ರೇ ಫೋಟೋ, ರಿಸೆಪ್ಷನಿಸ್ಟ್ ತಮ್ಮ ಸ್ವಂತ ಇಮೇಲಿಗೆ ಕಳಿಸಿಕೊಂಡ ರಿಪೋರ್ಟ್, ಫೋನಿನ ತಾನಾಗಿ ಆಗುವ ಬ್ಯಾಕಪ್, ಇವು ಯಾವ ದೇಶಕ್ಕೆ ಹೋಗುತ್ತವೆ ಎಂದು ಕ್ಲಿನಿಕ್ ಆರಿಸುವಂತೆಯೇ ಇಲ್ಲ. ಸಾಫ್ಟ್‌ವೇರನ್ನು ಭಾರತಕ್ಕೆ ತಂದು, ರಿಪೋರ್ಟುಗಳನ್ನು ವಾಟ್ಸಾಪಿನಲ್ಲೇ ಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಕ್ಲಿನಿಕ್ಕಿಗೇ ಒಂದು ಬೇರೆ ಫೋನ್ ಇಡಿ, ಅದರ ಚಾಟ್ ಬ್ಯಾಕಪ್ ನಿಲ್ಲಿಸಿ, ಬಂದ ರಿಪೋರ್ಟನ್ನು ಅದೇ ದಿನ ಸಾಫ್ಟ್‌ವೇರ್‌ಗೆ ಸೇರಿಸಿ ಫೋನಿನಿಂದ ಅಳಿಸಿ.

ಕಂಪನಿ ಏನೇ ಹೇಳಲಿ, ಒಂದು ಪ್ರತಿ ನಿಮ್ಮ ಬೀರುವಿನಲ್ಲೇ ಇರಬೇಕು. ಲೆಕ್ಕ ಹಾಕಿ ನೋಡಿ: ದಿನಕ್ಕೆ 40, ವರ್ಷಕ್ಕೆ 300 ದಿನ, ಒಟ್ಟು 12,000 ಭೇಟಿ. ಒಂದು ಭೇಟಿಯ ಬರಹ 5 ಕಿಲೋಬೈಟ್ ಎಂದರೆ ವರ್ಷಕ್ಕೆ 60 ಮೆಗಾಬೈಟ್. ನಾಲ್ಕರಲ್ಲಿ ಒಂದು ಭೇಟಿಗೆ ಒಂದು ಮೆಗಾಬೈಟಿನ ರಿಪೋರ್ಟ್ ಎಂದರೆ 3 ಗಿಗಾಬೈಟ್. 64 ಗಿಗಾಬೈಟಿನ ಎರಡು ಪೆನ್‌ಡ್ರೈವ್ ತಂದು, ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ, ವಾರಕ್ಕೊಮ್ಮೆ ಒಂದೊಂದರ ಮೇಲೆ ಸರದಿಯಂತೆ ಇಳಿಸಿಕೊಂಡರೆ ಹಲವು ವರ್ಷ ನಡೆಯುತ್ತದೆ. ಲಾಗಿನ್ ಮುಚ್ಚಿದ ದಿನವೂ 72 ಗಂಟೆಯ ಗಡುವು ದಾಟುವುದಿಲ್ಲ.

ಇಳಿಸಿಕೊಂಡದ್ದನ್ನು ತೆರೆದು ನೋಡಿ. ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಎಕ್ಸ್‌ಪೋರ್ಟ್ ಮಾಡಿದರೆ ಬರಹ ಮಾತ್ರ ಬರುತ್ತದೆ, ರಿಪೋರ್ಟುಗಳ ಜಾಗದಲ್ಲಿ ಬರೀ ಕೊಂಡಿ ಇರುತ್ತದೆ. ಖಾತೆ ಮುಚ್ಚಿದ ಮೇಲೆ ಆ ಕೊಂಡಿ ತೆರೆಯುವುದಿಲ್ಲ. ಇನ್ನೊಂದು, ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡದ ಹೆಸರುಗಳೆಲ್ಲ `à²` ಎಂದು ಶುರುವಾಗುವ ಗೊಜಲಾಗಿ ಕಾಣುತ್ತವೆ. ಡೇಟಾ ಹಾಳಾಗಿಲ್ಲ, ಓದುವ ಕ್ರಮ ತಪ್ಪಿದೆ. `Data` ಮೆನುವಿನ `From Text/CSV` ಮೂಲಕ ತೆರೆದು `65001: Unicode (UTF-8)` ಆರಿಸಿದರೆ ಹೆಸರುಗಳು ಸರಿಯಾಗಿ ಬರುತ್ತವೆ. ಆ ಗೊಜಲನ್ನೇ ಸೇವ್ ಮಾಡಿಬಿಟ್ಟರೆ ಮಾತ್ರ ನಿಜವಾಗಿ ಹಾಳಾಗುವ ಅಪಾಯವಿದೆ. ಕನ್ನಡದ ಬದಲು ಬರೀ ಪ್ರಶ್ನೆ ಚಿಹ್ನೆಗಳು ಕಂಡರೆ ತಪ್ಪು ಕಂಪನಿಯ ಕಡೆಯದು, ಎಕ್ಸ್‌ಪೋರ್ಟ್ ಆಗುವಾಗಲೇ ಅಕ್ಷರ ಕಳೆದುಹೋಗಿದೆ ಎಂದರ್ಥ.

ನಮ್ಮ ಕ್ಲಿನಿಕ್ ಕೊನೆಗೆ ಸಿಂಗಪುರದಿಂದ ಮುಂಬೈಗೆ ಬರಲು ತೀರ್ಮಾನಿಸಿತು ಎನ್ನೋಣ. ಹೊಸ ಸೇವೆಗೆ ಎಲ್ಲವನ್ನೂ ತುಂಬಿದ ಮೇಲೆ ಒಟ್ಟು ರೋಗಿಗಳ ಸಂಖ್ಯೆ, ಒಟ್ಟು ಭೇಟಿಗಳ ಸಂಖ್ಯೆ ಎರಡೂ ಕಡೆ ತಾಳೆಯಾಗುತ್ತವೆಯೇ ನೋಡಬೇಕು. ಹಳೆಯ, ಹೊಸ ರೋಗಿಗಳಲ್ಲಿ ಇಪ್ಪತ್ತು ಜನರನ್ನು ಆರಿಸಿ ಅವರ ಅಲರ್ಜಿ, ಔಷಧಿಯ ಪ್ರಮಾಣ, ಕೊನೆಯ ರಿಪೋರ್ಟ್ ಮೂರನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಒಂದು ತಿಂಗಳು ಹಳೆಯದನ್ನು ಓದಲು ಮಾತ್ರ ತೆರೆದಿಟ್ಟುಕೊಳ್ಳಬೇಕು. ಆಮೇಲೆ ಅಳಿಸಲು ಹೇಳಬೇಕು. ಆದರೆ ಹಳೆಯ ಕಂಪನಿ "ಅಳಿಸಿದೆವು" ಎಂದ ದಿನ ಸಿಂಗಪುರದ ಬ್ಯಾಕಪ್ಪಿನಿಂದ ಅದು ಹೋಗಿರುವುದಿಲ್ಲ. ಬ್ಯಾಕಪ್ 90 ದಿನ ಇರುತ್ತದೆ ಎಂದು ಅವರು ಮೊದಲು ಬರೆದುಕೊಟ್ಟಿದ್ದರೆ, ಅಳಿಸಿದ ದಿನದಿಂದ 90 ದಿನ ಎಣಿಸಿ ಆ ತಾರೀಖನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಬ್ಯಾಕಪ್ಪಿನಿಂದಲೂ ಹೋಗಿದೆ ಎಂಬ ಪತ್ರವನ್ನು ಆ ದಿನ ಕೇಳಿ ಪಡೆದು, ಕರಾರಿನ ಕಡತಕ್ಕೆ ಸೇರಿಸಿ.